ಊರಿನ ಹೆಸರು ಮತ್ತು ಕಚೇರಿಯ ಕಡತ: ಮಾನ್ಯ ಕಂದಾಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಕಂದಾಯ ಸಚಿವರಲ್ಲಿ, ತುಮಕೂರು ಜಿಲ್ಲೆಯ ಒಬ್ಬ ನಿವೃತ್ತ ಇತಿಹಾಸ ಶಿಕ್ಷಕ ಮಾಡುವ ಗೌರವಪೂರ್ವಕ ವಂದನೆಗಳು.

2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರುಗಳು ಇಂಗ್ಲಿಷ್ ಬರಹದಲ್ಲಿಯೂ ಕನ್ನಡದ ರೂಪಕ್ಕೆ ಮರಳಿದವು. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಬಳ್ಳಾರಿ, ಕಲಬುರಗಿ, ವಿಜಯಪುರ, ಶಿವಮೊಗ್ಗ, ತುಮಕೂರು, ಚಿಕ್ಕಮಗಳೂರು ಮತ್ತು ಹೊಸಪೇಟೆ ಆ ಪಟ್ಟಿಯಲ್ಲಿದ್ದವು. ಅಂದಿನ ಸಂತೋಷದಲ್ಲಿ ನಾನೂ ಪಾಲುಗೊಂಡಿದ್ದೆ. ಇಷ್ಟು ವರ್ಷಗಳ ನಂತರ ಈ ಪತ್ರ ಬರೆಯಲು ಕಾರಣ, ಆ ಕೆಲಸ ಆರಂಭವಾದಲ್ಲಿಯೇ ನಿಂತುಹೋಗಿದೆ ಮತ್ತು ನಿಂತಲ್ಲಿಯೂ ಜನರಿಗೆ ಸಣ್ಣಪುಟ್ಟ ಕಿರುಕುಳಗಳನ್ನು ಕೊಡುತ್ತಿದೆ ಎಂಬುದು. ಹೆಸರುಗಳು ಕೆಟ್ಟಿದ್ದು ಹೇಗೆ ಎಂಬುದನ್ನು ಸರಿಯಾಗಿ ಅರಿಯದೆ ಅವುಗಳನ್ನು ಸರಿಪಡಿಸಲು ಹೊರಟದ್ದೇ ಇದಕ್ಕೆ ಮೂಲ ಎಂದು ನನ್ನ ಅಭಿಪ್ರಾಯ. ಆದ್ದರಿಂದ ಬೇಡಿಕೆಗಳಿಗೆ ಮೊದಲು ಆ ಹಿನ್ನೆಲೆಯನ್ನು ಸ್ವಲ್ಪ ವಿವರವಾಗಿಯೇ ಹೇಳಲು ಅನುಮತಿ ಬೇಡುತ್ತೇನೆ.

ಬ್ರಿಟಿಷರು ನಮ್ಮ ಊರುಗಳಿಗೆ ಬೇಕೆಂದೇ ಇಂಗ್ಲಿಷ್ ಹೆಸರಿಟ್ಟರು ಎಂಬ ಮಾತು ವೇದಿಕೆಗಳ ಮೇಲೆ ಆಗಾಗ ಕೇಳಿಬರುತ್ತದೆ. ಹಾಗೆ ಇಟ್ಟ ಹೆಸರುಗಳು ಇಲ್ಲವೆಂದಲ್ಲ. ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ಕ್ಲೋಸ್‌ಪೇಟೆ ಆಯಿತು, ಅದು ಈಗಿನ ರಾಮನಗರ. ಹೈದರ್ ಮತ್ತು ಟಿಪ್ಪುವಿನ ಕಡೆಯಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಹಿರೋಡೆ ‘ಫ್ರೆಂಚ್ ರಾಕ್ಸ್’ ಆಯಿತು, ಅದು ಈಗಿನ ಪಾಂಡವಪುರ. ಕೊಡಗಿನ ಫ್ರೇಜರ್‌ಪೇಟೆ ಇಂದು ಕುಶಾಲನಗರ. ಇಂಥವು ಕೈಬೆರಳೆಣಿಕೆಯಷ್ಟು ಮಾತ್ರ, ಅವುಗಳನ್ನು ಬದಲಿಸುವುದೂ ಕಷ್ಟವಾಗಲಿಲ್ಲ. (ರಾಮನಗರದ ಬಂಡೆಗಳನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. ಕಲ್ಲಿಗೆ ಕಟ್ಟಿದ ಹೆಸರು ಊರಿಗೆ ಕಟ್ಟಿದ ಹೆಸರಿಗಿಂತ ಗಟ್ಟಿ.) ಉಳಿದ ಸಾವಿರಾರು ಊರುಗಳಿಗೆ ಯಾರೂ ಹೊಸ ಹೆಸರು ಇಡಲಿಲ್ಲ. ಇದ್ದ ಹೆಸರನ್ನೇ ಕೇಳಿ, ಕೇಳಿದಂತೆ ರೋಮನ್ ಅಕ್ಷರದಲ್ಲಿ ಬರೆದುಕೊಂಡರು, ಆಮೇಲೆ ಆ ಬರಹ ಕಡತದಲ್ಲಿ ಗಟ್ಟಿಯಾಯಿತು. ಗಮನಿಸಬೇಕಾದ ಸಂಗತಿ ಈ ಎರಡನೆಯದು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಕೂಡಲೇ ಕಂಪನಿ ಸರ್ಕಾರಕ್ಕೆ ಬೇಕಾದದ್ದು ಗೆದ್ದ ಮತ್ತು ಹಂಚಿದ ಸೀಮೆಯ ಲೆಕ್ಕ. ಕಾಲಿನ್ ಮೆಕೆಂಜಿಯ ನೇತೃತ್ವದಲ್ಲಿ ಮೈಸೂರು ಸೀಮೆಯ ಸರ್ವೆ ನಡೆಯಿತು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ತನ್ನ ಅಳತೆಯ ಮೂಲರೇಖೆಯನ್ನು ಎಳೆದ. ಇವರ ನಕ್ಷೆಗಳಲ್ಲಿ ಪ್ರತಿ ಊರಿಗೂ ಒಂದು ಹೆಸರು ಬೇಕಾಗಿತ್ತು. ಆ ಹೆಸರು ಊರಿನವರ ಬಾಯಿಂದ ಇಂಗ್ಲಿಷಿನವನ ಕಿವಿಗೆ ನೇರವಾಗಿ ಬಂದದ್ದು ಅಪರೂಪ. ನಡುವೆ ಒಬ್ಬ ದುಭಾಷಿ ಇರುತ್ತಿದ್ದ. ಮೆಕೆಂಜಿಯ ಬಲಗೈಯಾಗಿದ್ದ ಕಾವಲಿ ವೆಂಕಟ ಬೊರಯ್ಯ ತೆಲುಗರು. ಬೆಳಗಾವಿ, ಹುಬ್ಬಳ್ಳಿಯ ಕಡೆ ಆಡಳಿತದ ಬರಹ ಮರಾಠಿಯಲ್ಲಿತ್ತು, ಕಲಬುರಗಿ ನಿಜಾಮನ ಸೀಮೆಯಲ್ಲಿದ್ದುದರಿಂದ ಅಲ್ಲಿ ಫಾರಸಿ, ನಂತರ ಉರ್ದು. ಕರಾವಳಿಯ ಹೆಸರುಗಳನ್ನು ಇಂಗ್ಲಿಷರಿಗಿಂತ ಮೊದಲೇ ಪೋರ್ಚುಗೀಸರು ತಮ್ಮ ಕಿವಿಗೆ ತಕ್ಕಂತೆ ಬರೆದಿಟ್ಟಿದ್ದರು, ಮಂಗಳೂರು ಅವರ ಬರಹದಲ್ಲಿ ‘ಮಂಗಲೋರ್’ ಆಗಿತ್ತು. ಹೀಗೆ ಕನ್ನಡದ ಹೆಸರೊಂದು ಇನ್ನೊಂದು ಭಾಷೆಯ ಬಾಗಿಲು ದಾಟಿ ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಅದರ ಕೊನೆಯ ಸ್ವರ ಉದುರಿರುತ್ತಿತ್ತು, ಒತ್ತಕ್ಷರ ಸಡಿಲವಾಗಿರುತ್ತಿತ್ತು. ಹುಬ್ಬಳ್ಳಿಯನ್ನು ಮರಾಠಿಯವರು ‘ಹುಬಳಿ’ ಎನ್ನುತ್ತಾರೆ. ಇಂಗ್ಲಿಷಿನ Hubli ಎಂಬುದು ಅದರ ನೆರಳು. ಬೆಳಗಾವಿಯ ಇಂಗ್ಲಿಷ್ ರೂಪದ ಕೊನೆಯಲ್ಲಿ ಒಂದು ಅನಾವಶ್ಯಕ ‘ಮ್’ ಕೇಳುತ್ತದಲ್ಲ, ಅದು ಮರಾಠಿಯ ‘ಗಾಂವ್’ ಎಂಬುದರ ಅನುನಾಸಿಕ.

ಎರಡನೆಯ ಕಾರಣ, ಬರೆಯುವ ಪದ್ಧತಿಯೇ ಒಂದಿರಲಿಲ್ಲ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸ್ಥಾಪಕ ವಿಲಿಯಂ ಜೋನ್ಸ್ 1788ರಲ್ಲಿ ಒಂದು ಕ್ರಮವನ್ನು ಸೂಚಿಸಿದ್ದರು. ಅದರಲ್ಲಿ ಒಂದೊಂದು ದೇಶೀ ಅಕ್ಷರಕ್ಕೂ ಒಂದೊಂದು ನಿಶ್ಚಿತ ರೋಮನ್ ಅಕ್ಷರ ಇರುತ್ತಿತ್ತು. ಆದರೆ ಕಚೇರಿಯ ಗುಮಾಸ್ತರಿಗೆ ಮತ್ತು ಸೇನೆಯ ಅಧಿಕಾರಿಗಳಿಗೆ ಸುಲಭವಾಗಿ ಕಂಡದ್ದು ಹಿಂದೂಸ್ತಾನಿ ಭಾಷೆಯ ವಿದ್ವಾಂಸ ಗಿಲ್‌ಕ್ರಿಸ್ಟ್ ಬಳಕೆಗೆ ತಂದ ರೀತಿ. ಇಂಗ್ಲಿಷಿನವನು ಓದಿದರೆ ಹತ್ತಿರದ ಉಚ್ಚಾರ ಬರಬೇಕು, ಅಷ್ಟೇ ಅದರ ಗುರಿ. ‘ಊ’ಗೆ oo, ‘ಈ’ಗೆ ee, ‘ಅ’ಕಾರಕ್ಕೆ u. ಈ ರೀತಿಯಲ್ಲಿ ನಗರ Nuggur ಆಯಿತು, ತುಮಕೂರು Toomkoor ಆಯಿತು. ಬಹಳ ಊರುಗಳಿಗಂತೂ ಈ ಎರಡು ಕ್ರಮಗಳಲ್ಲಿ ಒಂದೂ ಅನ್ವಯವಾಗಲಿಲ್ಲ. ಬೆಂಗಳೂರಿನ ‘ಬೆ’ ಇಂಗ್ಲಿಷಿನಲ್ಲಿ Ba ಆಯಿತು, ಬಳ್ಳಾರಿಯ ‘ಬ’ Be ಆಯಿತು. ಒಂದೇ ಕನ್ನಡ ನಾಡಿನ ಎರಡು ಊರುಗಳಲ್ಲಿ ‘ಅ’ ಮತ್ತು ‘ಎ’ ಹೀಗೆ ಸ್ಥಾನ ಅದಲುಬದಲು ಮಾಡಿಕೊಂಡಿವೆ ಎಂದರೆ, ಅದರ ಹಿಂದೆ ಯಾವ ದುರುದ್ದೇಶವೂ ಇರಲಿಲ್ಲ, ಯಾವ ಪದ್ಧತಿಯೂ ಇರಲಿಲ್ಲ ಎಂದೇ ತಿಳಿಯಬೇಕು.

ತಪ್ಪಾಗಿ ಬರೆದುಕೊಂಡ ಹೆಸರು ತಪ್ಪಾಗಿಯೇ ಉಳಿಯಬೇಕಾದ ಅಗತ್ಯವಿಲ್ಲ, ಇನ್ನೊಬ್ಬ ಅಧಿಕಾರಿ ಬೇರೆ ರೀತಿ ಬರೆದುಕೊಳ್ಳಬಹುದಾಗಿತ್ತು, ಬರೆದದ್ದೂ ಉಂಟು. ಹೀಗೆ ತೇಲಾಡುತ್ತಿದ್ದ ಬರಹಗಳನ್ನು ಕಟ್ಟಿಹಾಕಿದ್ದು ಅಂಚೆ ಮತ್ತು ರೈಲು. ಅಂಚೆ ಕಚೇರಿಯ ಪಟ್ಟಿಯಲ್ಲಿ, ಮೊಹರಿನಲ್ಲಿ, ರೈಲು ನಿಲ್ದಾಣದ ಫಲಕದಲ್ಲಿ, ವೇಳಾಪಟ್ಟಿಯಲ್ಲಿ ಒಂದು ಊರಿಗೆ ಒಂದೇ ರೂಪ ಇರಬೇಕಾಗುತ್ತದೆ. 1864ರಲ್ಲಿ ಜೋಲಾರಪೇಟೆಯಿಂದ ರೈಲು ಬೆಂಗಳೂರಿಗೆ ಬಂದಾಗ ನಿಲ್ದಾಣದ ಫಲಕದ ಮೇಲೆ ಹತ್ತಿದ ಹೆಸರು, ಸರ್ವೆಯ ಟಿಪ್ಪಣಿ ಪುಸ್ತಕದಲ್ಲಿದ್ದ ಹೆಸರಿನಂತೆ ಸುಲಭವಾಗಿ ಅಳಿಸಿ ಬರೆಯುವಂಥದ್ದಾಗಿರಲಿಲ್ಲ.

ಮಾನ್ಯರೇ, ಹೆಸರುಗಳನ್ನು ಸರಿಪಡಿಸುವ ಮೊದಲ ಅಧಿಕೃತ ಪ್ರಯತ್ನ ನಡೆದದ್ದು ಸ್ವಾತಂತ್ರ್ಯಾನಂತರ ಅಲ್ಲ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿದಿಲ್ಲ. 1869ರಿಂದ ಇಡೀ ದೇಶದ ಅಂಕಿಅಂಶ ಸಮೀಕ್ಷೆಯ ಹೊಣೆ ಹೊತ್ತ ವಿಲಿಯಂ ವಿಲ್ಸನ್ ಹಂಟರ್‌ಗೆ ಒಂದೇ ಊರು ಹತ್ತು ರೀತಿಯಲ್ಲಿ ಬರೆಯಲ್ಪಟ್ಟರೆ ಗೆಜೆಟಿಯರ್ ರಚಿಸುವುದೇ ಸಾಧ್ಯವಿರಲಿಲ್ಲ. ಆತ ಜೋನ್ಸ್‌ನ ಕ್ರಮವನ್ನು ಸರಳಗೊಳಿಸಿ ಒಂದು ಲಿಪ್ಯಂತರ ಪದ್ಧತಿಯನ್ನು ರೂಪಿಸಿದ. 1870ರ ದಶಕದಲ್ಲಿ ಸರ್ಕಾರ ಅದನ್ನು ಒಪ್ಪಿಕೊಂಡಿತು. oo ಇದ್ದಲ್ಲಿ u, ee ಇದ್ದಲ್ಲಿ i ಬಂದವು. ದೀರ್ಘ ಸ್ವರಗಳ ತಲೆಯ ಮೇಲೆ ಗುರುತು ಹಾಕಬೇಕೆಂಬ ನಿಯಮವೂ ಇತ್ತು. Nuggur ಹೋಗಿ Nagar ಆಯಿತು. Toomkoor ಹೋಗಿ Tumkur ಆಯಿತು.

ಈ ಸುಧಾರಣೆ ಎಲ್ಲಿ ಎಡವಿತು ಎಂಬುದನ್ನು ನನ್ನ ಜಿಲ್ಲೆಯ ಹೆಸರಿನಲ್ಲಿಯೇ ಕಾಣಬಹುದು. ಹಂಟರನ ಪದ್ಧತಿ ಅಕ್ಷರಗಳನ್ನು ಸರಿಪಡಿಸಿತು, ಆದರೆ ಮೂಲದಲ್ಲಿ ಕಿವಿ ಕಳೆದುಕೊಂಡದ್ದನ್ನು ಮರಳಿ ತರಲಿಲ್ಲ. ‘ತುಮಕೂರು’ ಎಂಬಲ್ಲಿ ನಾಲ್ಕು ಸ್ವರಗಳಿವೆ. Toomkoor ಎಂದು ಬರೆದವನಿಗೆ ‘ಮ’ಕಾರದ ‘ಅ’ ಮತ್ತು ಕೊನೆಯ ‘ಉ’ ಕೇಳಿಸಿರಲಿಲ್ಲ. ಹಿಂದಿ, ಉರ್ದು, ಮರಾಠಿಗಳಲ್ಲಿ ಶಬ್ದದ ನಡುವಿನ ಮತ್ತು ಕೊನೆಯ ‘ಅ’ಕಾರ ಮಾತಿನಲ್ಲಿ ಉದುರಿಹೋಗುವುದು ಸಹಜ. ಉತ್ತರದ ಭಾಷೆಗಳಿಗೆ ಒಗ್ಗಿದ ಕಿವಿಗೆ ಕನ್ನಡದಲ್ಲಿಯೂ ಹಾಗೆಯೇ ಇರಬೇಕು ಎನಿಸುತ್ತದೆ. ಆದರೆ ಕನ್ನಡ ಸ್ವರಾಂತ ಭಾಷೆ, ಅದರ ‘ಅ’ ಉದುರುವುದಿಲ್ಲ. ಹಂಟರನ ಪದ್ಧತಿ ಊರಿಗೆ ಹೋಗಿ ಮತ್ತೆ ಕೇಳಲಿಲ್ಲ, ಹಳೆಯ ಬರಹಕ್ಕೆ ಹೊಸ ಅಕ್ಷರ ತೊಡಿಸಿತು. ಮುದ್ರಣದ ಅನುಕೂಲಕ್ಕಾಗಿ ದೀರ್ಘದ ಗುರುತುಗಳು ಕೂಡ ಬೇಗನೆ ಮಾಯವಾದವು. ಚಿತ್ರದುರ್ಗದ ಕಥೆಯೂ ಇದೇ. ಮೊದಲು Chitaldroog, ಸುಧಾರಣೆಯ ನಂತರ Chitaldrug. ಕೊನೆಯ oo ಬದಲಾಯಿತೇ ಹೊರತು ‘ಚಿತಲ್’ ಹಾಗೆಯೇ ಉಳಿಯಿತು. ‘ಚಿತ್ರಕಲ್ದುರ್ಗ’ ಎಂಬ ಹಳೆಯ ರೂಪ ಹಿಂಡಿ ಹಿಂಡಿ ಹಾಗಾಯಿತು ಎಂದು ಹೇಳುವವರಿದ್ದಾರೆ. ಆ ಹೆಸರು 2014ಕ್ಕಿಂತ ಬಹಳ ಮೊದಲೇ ಸದ್ದಿಲ್ಲದೆ ಸರಿಯಾಯಿತು, ಯಾರೂ ಮೆರವಣಿಗೆ ಮಾಡಲಿಲ್ಲ.

ಹಂಟರನ ಸುಧಾರಣೆಗೆ ಇನ್ನೊಂದು ಮಿತಿಯೂ ಇತ್ತು, ನಮ್ಮ ದೊಡ್ಡ ನಗರಗಳ ಮಟ್ಟಿಗೆ ಅದೇ ಮುಖ್ಯ. ಬಳಕೆಯಿಂದ ಪ್ರಸಿದ್ಧವಾದ ಹೆಸರುಗಳನ್ನು ಮುಟ್ಟಬಾರದು ಎಂದು ಸರ್ಕಾರ ತೀರ್ಮಾನಿಸಿತು. ಕಲ್ಕತ್ತ, ಬಾಂಬೆ, ಮದ್ರಾಸುಗಳಂತೆ ಬೆಂಗಳೂರು ಮತ್ತು ಮೈಸೂರಿನ ಇಂಗ್ಲಿಷ್ ರೂಪಗಳೂ ಹಾಗೆಯೇ ಉಳಿದವು. ಅವನ್ನು ಬದಲಿಸಿದರೆ ವ್ಯಾಪಾರಕ್ಕೆ, ಅಂಚೆಗೆ, ಆಡಳಿತಕ್ಕೆ ತೊಂದರೆ ಎಂಬುದು ಕಾರಣ. ಅಂದರೆ ಎಲ್ಲಿ ತಪ್ಪು ಅತಿ ಹೆಚ್ಚು ಪ್ರಚಾರದಲ್ಲಿತ್ತೋ ಅಲ್ಲಿಯೇ ಅದಕ್ಕೆ ರಕ್ಷಣೆ ದೊರೆಯಿತು.

ಸ್ವತಂತ್ರ ಭಾರತ ಈ ತರ್ಕವನ್ನು ಕೈಬಿಟ್ಟಿತೆಂದು ನಾವು ಭಾವಿಸಿದ್ದರೆ ಅದು ಭ್ರಮೆ. ಊರು, ಪಟ್ಟಣ, ರೈಲು ನಿಲ್ದಾಣಗಳ ಹೆಸರು ಬದಲಾವಣೆಯ ಬಗ್ಗೆ ಕೇಂದ್ರ ಗೃಹ ಸಚಿವಾಲಯ 1953ರ ಸೆಪ್ಟೆಂಬರ್‌ನಲ್ಲಿ ರಾಜ್ಯಗಳಿಗೆ ಕಳುಹಿಸಿದ ಮಾರ್ಗಸೂಚಿ ಇಂದಿಗೂ ಆಧಾರವಾಗಿದೆ. ವಿಶೇಷ ಕಾರಣವಿಲ್ಲದೆ ಜನರಿಗೆ ರೂಢಿಯಾದ ಹೆಸರನ್ನು ಬದಲಿಸಬಾರದು, ಚರಿತ್ರೆಯ ನಂಟಿರುವ ಹೆಸರನ್ನು ಆದಷ್ಟು ಉಳಿಸಬೇಕು, ಬರೀ ಸ್ಥಳೀಯ ಅಭಿಮಾನ ಅಥವಾ ಭಾಷೆಯ ಕಾರಣಕ್ಕೆ ಬದಲಾವಣೆ ಬೇಡ, ಹೊಸ ಹೆಸರು ಆ ರಾಜ್ಯದಲ್ಲಿ ಅಥವಾ ನೆರೆಯಲ್ಲಿ ಇನ್ನೊಂದು ಊರಿನ ಹೆಸರಾಗಿದ್ದು ಗೊಂದಲ ಹುಟ್ಟಿಸಬಾರದು ಎಂಬುದು ಅದರ ಸಾರ. ರಾಜ್ಯದ ಪ್ರಸ್ತಾವನೆ ಕೇಂದ್ರಕ್ಕೆ ಹೋದಾಗ ಗೃಹ ಸಚಿವಾಲಯವು ರೈಲ್ವೆ, ಅಂಚೆ ಇಲಾಖೆ ಮತ್ತು ಸರ್ವೆ ಆಫ್ ಇಂಡಿಯಾಗಳ ಅಭಿಪ್ರಾಯ ಪಡೆದು ನಿರಾಕ್ಷೇಪಣೆ ಕೊಡುತ್ತದೆ. ಸರ್ವೆ, ಅಂಚೆ, ರೈಲು! ಹೆಸರನ್ನು ಕೆಡಿಸಿ ಕಟ್ಟಿಹಾಕಿದ ಮೂರು ಕಚೇರಿಗಳ ವಾರಸುದಾರರೇ ಅದನ್ನು ಬಿಡಿಸಲು ಒಪ್ಪಿಗೆ ಕೊಡಬೇಕು. ಇದನ್ನು ನಾನು ವ್ಯಂಗ್ಯವಾಗಿ ಹೇಳುತ್ತಿಲ್ಲ, ಹೆಸರು ವಾಸಿಸುವುದು ಅವರ ಕಡತಗಳಲ್ಲಿಯೇ ಆದ್ದರಿಂದ ಅವರನ್ನು ಕೇಳುವುದು ಸರಿ.

ಈ ದಾರಿ ಎಷ್ಟು ಉದ್ದ ಎಂಬುದಕ್ಕೆ ನಮ್ಮದೇ ಸಾಕ್ಷಿ. 2005ರ ಕೊನೆಯಲ್ಲಿ, ಸುವರ್ಣ ಕರ್ನಾಟಕದ ಹೊತ್ತಿಗೆ, ಯು.ಆರ್. ಅನಂತಮೂರ್ತಿಯವರು ಊರುಗಳ ಹೆಸರನ್ನು ಇಂಗ್ಲಿಷಿನಲ್ಲಿಯೂ ಕನ್ನಡದಂತೆ ಬರೆಯಬೇಕೆಂಬ ಸಲಹೆ ಕೊಟ್ಟರು, ಅಂದಿನ ಮುಖ್ಯಮಂತ್ರಿ ಧರಂ ಸಿಂಗ್ ಒಪ್ಪಿಕೊಂಡರು. ಕೇಂದ್ರದ ಒಪ್ಪಿಗೆ ಬಂದದ್ದು 2014ರ ಅಕ್ಟೋಬರ್‌ನಲ್ಲಿ. ಅದಕ್ಕೆ ಎರಡು ತಿಂಗಳ ಮೊದಲು ಅನಂತಮೂರ್ತಿಯವರು ತೀರಿಕೊಂಡಿದ್ದರು. ತಿರುವನಂತಪುರ 1991ರಲ್ಲಿ, ಮುಂಬೈ 1995ರಲ್ಲಿ, ಚೆನ್ನೈ 1996ರಲ್ಲಿ, ಕೋಲ್ಕತ್ತ 2001ರಲ್ಲಿ ಇದೇ ದಾರಿಯಲ್ಲಿ ಸಾಗಿದ್ದವು.

ಇಷ್ಟು ಹಿನ್ನೆಲೆಯೊಂದಿಗೆ ನನ್ನ ದೂರುಗಳಿಗೆ ಬರುತ್ತೇನೆ.

ಮೊದಲನೆಯದು, 12 ನಗರಗಳಲ್ಲಿ ಕೆಲಸ ನಿಂತಿತು. ತುಮಕೂರು ನಗರ Tumakuru ಆಯಿತು, ಆದರೆ ಅದೇ ಜಿಲ್ಲೆಯ ತಿಪಟೂರು ಇಂದಿಗೂ Tiptur. ತುಮಕೂರಿನಲ್ಲಿ ಕಳೆದುಹೋಗಿದ್ದ ಅದೇ ನಡುವಿನ ‘ಅ’, ಅದೇ ಕೊನೆಯ ‘ಉ’ ತಿಪಟೂರಿನಲ್ಲಿಯೂ ಕಳೆದುಹೋಗಿವೆ. ಹಾಸನ ಜಿಲ್ಲೆಯ ಅರಸೀಕೆರೆ ರೈಲು ನಿಲ್ದಾಣದ ಫಲಕದ ಇಂಗ್ಲಿಷ್ ಸಾಲಿನಲ್ಲಿ ‘ರ’ಕಾರದ ‘ಅ’ ಇಲ್ಲ. ಜಿಲ್ಲಾ ಕೇಂದ್ರ ಮತ್ತು ದೊಡ್ಡ ನಗರಗಳಿಗೆ ಸಿಕ್ಕ ನ್ಯಾಯ ತಾಲ್ಲೂಕು, ಹೋಬಳಿ, ಗ್ರಾಮಗಳಿಗೆ ಸಿಗಲಿಲ್ಲ. ಸಣ್ಣ ಊರಿನ ಹೆಸರು ತಪ್ಪಾದರೆ ಅದರ ಪರಿಣಾಮ ದೊಡ್ಡ ನಗರಕ್ಕಿಂತ ಹೆಚ್ಚು, ಏಕೆಂದರೆ ಅದನ್ನು ಓದಿ ಊಹಿಸಿಕೊಳ್ಳಬಲ್ಲ ಹೊರಗಿನವರು ಇಲ್ಲ.

ಎರಡನೆಯದು, ಮರುಸ್ಥಾಪಿಸಿದ ರೂಪಕ್ಕೆ ನಿಯಮವೇನು ಎಂಬುದನ್ನು ಯಾವ ನಾಗರಿಕನೂ ತಿಳಿದುಕೊಳ್ಳುವಂತಿಲ್ಲ. Tumakuru ಎಂದು ಓದಿದ ಹೊರನಾಡಿನವನು ‘ತುಮಕುರು’ ಎನ್ನುತ್ತಾನೆ, ಏಕೆಂದರೆ ‘ಕೂ’ವಿನ ದೀರ್ಘ ಎಲ್ಲಿಯೂ ಕಾಣುವುದಿಲ್ಲ. ‘ಲ’ ಮತ್ತು ‘ಳ’ಗಳಿಗೆ ಒಂದೇ ಅಕ್ಷರ, ‘ಎ’ ಮತ್ತು ‘ಏ’ಗಳಿಗೆ ಒಂದೇ ಅಕ್ಷರ. ರೋಮನ್ ಲಿಪಿಯ ಈ ಬಡತನಕ್ಕೆ ಸರ್ಕಾರವನ್ನು ದೂರಲಾಗದು. ಆದರೆ ರೋಮನ್ ರೂಪ ಅಪೂರ್ಣ ಎಂದು ಒಪ್ಪಿಕೊಂಡು, ಕನ್ನಡ ಲಿಪಿಯ ರೂಪವೇ ಮೂಲಪಾಠ ಎಂದು ಎಲ್ಲಿಯಾದರೂ ದಾಖಲಿಸಬೇಕಿತ್ತು. ಹಾಗೆ ಮಾಡದಿರುವುದರಿಂದ ಆಗಿರುವ ಅನಾಹುತ ನೋಡಿ: ಹೆದ್ದಾರಿಯ ಹಿಂದಿ ಫಲಕಗಳನ್ನು ಕೆಲವೆಡೆ ಇಂಗ್ಲಿಷ್ ರೂಪವನ್ನು ನೋಡಿ ಬರೆದಿದ್ದಾರೆ. ದೇವನಾಗರಿಯಲ್ಲಿ ‘ಳ’ವೂ ಇದೆ, ದೀರ್ಘ ‘ಊ’ವೂ ಇದೆ. ಕನ್ನಡದಿಂದ ನೇರವಾಗಿ ಬರೆದರೆ ಒಂದಕ್ಷರವೂ ಕಳೆಯಬೇಕಿಲ್ಲ. ಎರಡು ಭಾರತೀಯ ಲಿಪಿಗಳ ನಡುವೆ ಇನ್ನೂ ಇಂಗ್ಲಿಷ್ ದುಭಾಷಿಯ ಕೆಲಸ ಮಾಡುತ್ತಿದೆ.

ನಿಯಮವಿಲ್ಲದೆ ಆತುರಪಟ್ಟರೆ ಏನಾಗುತ್ತದೆ ಎಂಬುದನ್ನು ನೆರೆಯ ತಮಿಳುನಾಡು 2020ರ ಜೂನ್‌ನಲ್ಲಿ ತೋರಿಸಿಕೊಟ್ಟಿತು. ಅಲ್ಲಿನ ಸರ್ಕಾರ 1,018 ಊರುಗಳ ಇಂಗ್ಲಿಷ್ ಬರಹವನ್ನು ಒಂದೇ ಆದೇಶದಲ್ಲಿ ತಮಿಳಿಗೆ ಹತ್ತಿರ ತರಲು ಹೊರಟಿತು. ಕೊಯಮತ್ತೂರಿಗೆ Koyampuththoor ಎಂಬ ರೂಪ ಬಂತು. ಭಾಷಾ ವಿದ್ವಾಂಸರೂ ಸಾಮಾನ್ಯರೂ ಆ ಬರಹಗಳ ಬಗ್ಗೆ ಆಕ್ಷೇಪ ಎತ್ತಿದರು, ಕೆಲವೇ ದಿನಗಳಲ್ಲಿ ಆದೇಶ ಹಿಂದಕ್ಕೆ ಹೋಯಿತು. ಅಲ್ಲಿ ಉದ್ದೇಶ ಸರಿಯಾಗಿತ್ತು. ಆದರೆ 1800ರ ಗುಮಾಸ್ತನಂತೆಯೇ ‘ಊ’ಗೆ oo ಬರೆದು, ಇಂಗ್ಲಿಷಿನವನ ಬಾಯಿಗೆ ಬರೆಯುತ್ತಿದ್ದೇವೋ ತಮಿಳು ಅಕ್ಷರಕ್ಕೆ ಬರೆಯುತ್ತಿದ್ದೇವೋ ಎಂಬುದನ್ನು ನಿರ್ಧರಿಸಿಕೊಂಡಿರಲಿಲ್ಲ. ಗಿಲ್‌ಕ್ರಿಸ್ಟ್ ಮತ್ತು ಜೋನ್ಸ್‌ರ ನಡುವಿನ ಹಳೆಯ ಜಗಳ ಅಲ್ಲಿ ಇನ್ನೊಮ್ಮೆ ನಡೆಯಿತು.

ಮೂರನೆಯ ದೂರು ಸ್ವಲ್ಪ ಸೂಕ್ಷ್ಮವಾದದ್ದು, ಆದರೂ ಹೇಳಲೇಬೇಕು. 2014ರ ಪಟ್ಟಿಯಲ್ಲಿ ಎರಡು ಬೇರೆ ಬೇರೆ ಜಾತಿಯ ಬದಲಾವಣೆಗಳನ್ನು ಒಂದೇ ಬುಟ್ಟಿಗೆ ಹಾಕಲಾಗಿದೆ. ಬೆಂಗಳೂರು, ತುಮಕೂರು, ಬಳ್ಳಾರಿಗಳಲ್ಲಿ ಕನ್ನಡದ ಹೆಸರು ಎಂದೂ ಬದಲಾಗಿರಲಿಲ್ಲ, ಇಂಗ್ಲಿಷ್ ಬರಹ ಮಾತ್ರ ಸರಿಯಾಯಿತು. ಬೇಗೂರಿನ ವೀರಗಲ್ಲಿನಲ್ಲಿ, ಕ್ರಿ.ಶ. 890ರ ಸುಮಾರಿಗೆ, ‘ಬೆಂಗಳೂರು ಕಾಳಗ’ದ ಉಲ್ಲೇಖವಿದೆ. ಸಾವಿರದ ನೂರು ವರ್ಷಗಳಿಂದ ಜನರ ಬಾಯಲ್ಲಿ ಇರುವ ರೂಪಕ್ಕೆ ಮರಳುವುದರಲ್ಲಿ ವಿವಾದವೇನಿದೆ? ಆದರೆ ಬಿಜಾಪುರ ಮತ್ತು ಗುಲಬರ್ಗಾ ಎಂಬ ರೂಪಗಳು ಇಂಗ್ಲಿಷರ ಕೊಡುಗೆ ಅಲ್ಲ. ಬಹಮನಿ ಮತ್ತು ಆದಿಲಶಾಹಿ ಕಾಲದ ಫಾರಸಿ ಬರಹದ ಮೂಲಕ ಅವು ಬಂದವು, ಇಂಗ್ಲಿಷರು ಬರುವ ಹೊತ್ತಿಗೆ ಶತಮಾನಗಳಷ್ಟು ಹಳೆಯವಾಗಿದ್ದವು. 1490ರಿಂದ 1686ರವರೆಗೆ ಆಳಿದ ಆದಿಲಶಾಹಿಗಳ ರಾಜಧಾನಿಯನ್ನು ಆ ಭಾಗದ ಕನ್ನಡಿಗರೇ ಬಿಜಾಪುರ, ವಿಜಾಪುರ ಎಂದು ಕರೆಯುತ್ತ ಬಂದಿದ್ದರು. ಅದಕ್ಕೂ ಹಿಂದಿನ ವಿಜಯಪುರ ಎಂಬ ಹೆಸರನ್ನು ಮರಳಿ ತರಬಾರದು ಎಂದು ನಾನು ವಾದಿಸುತ್ತಿಲ್ಲ. ಕಲಬುರಗಿ ಎಂಬುದಂತೂ ಕನ್ನಡದಲ್ಲಿ ಬಳಕೆಯಲ್ಲಿದ್ದ ರೂಪವೇ. ನನ್ನ ಆಕ್ಷೇಪ ಇಷ್ಟೇ: ಜನರ ಬಾಯಲ್ಲಿರುವ ಹೆಸರನ್ನು ಬರಹಕ್ಕೆ ತರುವುದು ಒಂದು ಕೆಲಸ, ಹಳೆಯ ಹೆಸರನ್ನು ಬಾಯಿಗೆ ತರುವುದು ಇನ್ನೊಂದು ಕೆಲಸ. ಎರಡನೆಯದಕ್ಕೆ ಬೇರೆ ಸಮರ್ಥನೆ ಬೇಕು, ಅದನ್ನು ವಸಾಹತು ಕಾಲದ ತಪ್ಪಿನ ತಿದ್ದುಪಡಿ ಎಂದು ದಾಖಲಿಸುವುದು ಚರಿತ್ರೆಗೆ ಮಾಡುವ ಅಪಚಾರ. ಎಷ್ಟು ಹಿಂದಕ್ಕೆ ಹೋಗಬೇಕು ಎಂಬ ಪ್ರಶ್ನೆಗೆ ಮಿತಿಯೇ ಇಲ್ಲ, ಬೆಳಗಾವಿಗೆ ಶಾಸನಗಳಲ್ಲಿ ವೇಣುಗ್ರಾಮ ಎಂಬ ಹೆಸರೂ ಇದೆ. ಅದೃಷ್ಟವಶಾತ್ ಅಲ್ಲಿ ನಾವು ಜೀವಂತ ರೂಪದಲ್ಲಿಯೇ ನಿಂತೆವು.

ವಿಜಯಪುರದ ವಿಷಯದಲ್ಲಿ 1953ರ ಮಾರ್ಗಸೂಚಿಯ ಕೊನೆಯ ಅಂಶವನ್ನೂ ಗಮನಕ್ಕೆ ತಂದುಕೊಳ್ಳಿ. ದೇವನಹಳ್ಳಿ ತಾಲ್ಲೂಕಿನಲ್ಲಿ ವಿಜಯಪುರ ಎಂಬ ಪಟ್ಟಣ ಮೊದಲೇ ಇತ್ತು, ಈಗಲೂ ಇದೆ. ಎರಡೂ ಒಂದೇ ರಾಜ್ಯದಲ್ಲಿವೆ, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಒಂದೇ ಬರಹ. ಒಂದರ ಪಿನ್ ಕೋಡ್ 562135, ಇನ್ನೊಂದರದು 586101. ಪಿನ್ ಕೋಡ್ ಬರೆಯಲು ಮರೆತವನ ಪತ್ರ ನೂರಾರು ಕಿಲೋಮೀಟರ್ ದಾರಿ ತಪ್ಪಬಹುದು. ಜಿಲ್ಲೆಯ ಹೆಸರನ್ನು ಕಡ್ಡಾಯವಾಗಿ ಜೊತೆಗೆ ಬರೆಯುವ ಸರಳ ಸೂಚನೆ ಹೊರಡಿಸಿದ್ದರೂ ಸಾಕಾಗಿತ್ತು.

ಕೊನೆಯ ದೂರು ದಿನನಿತ್ಯದ್ದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಶಾಲಾ ವರ್ಗಾವಣೆ ಪತ್ರದಲ್ಲಿ Tumkur ಎಂದಿತ್ತು, ನಂತರ ಪಡೆದ ಗುರುತಿನ ಚೀಟಿಯಲ್ಲಿ Tumakuru ಎಂದಿತ್ತು. ಒಂದು ಕಚೇರಿಯ ಗುಮಾಸ್ತರು ಹುಟ್ಟಿದ ಊರು ಹೊಂದಾಣಿಕೆಯಾಗುವುದಿಲ್ಲ ಎಂದು ಅರ್ಜಿಯನ್ನು ಹಿಂದಿರುಗಿಸಿ, ಎರಡೂ ಒಂದೇ ಊರು ಎಂದು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ತರಲು ಹೇಳಿದರು. ಸರ್ಕಾರವೇ ಬದಲಿಸಿದ ಹೆಸರಿಗೆ ನಾಗರಿಕ ನೋಟರಿಯ ಮುಂದೆ ಪ್ರಮಾಣ ಮಾಡಬೇಕಾಯಿತು. ಆ ಗುಮಾಸ್ತರನ್ನು ನಾನು ದೂಷಿಸುವುದಿಲ್ಲ, ಅವರ ಮುಂದಿನ ಗಣಕಯಂತ್ರಕ್ಕೆ ಅಕ್ಷರ ಮಾತ್ರ ಗೊತ್ತು, ಎರಡೂ ಒಂದೇ ಎಂದು ಹೇಳುವ ಕೋಷ್ಟಕವನ್ನು ಅದಕ್ಕೆ ಯಾರೂ ಕೊಟ್ಟಿಲ್ಲ. ಹೀಗಿರುವಾಗ, ಲೋಕಸಭಾ ಕ್ಷೇತ್ರಗಳು ಚುನಾವಣಾ ಆಯೋಗದ ಇಂಗ್ಲಿಷ್ ದಾಖಲೆಗಳಲ್ಲಿ 2008ರ ಕ್ಷೇತ್ರ ಪುನರ್ವಿಂಗಡಣೆಯ ಆದೇಶದಂತೆ ಹಳೆಯ ರೂಪದಲ್ಲಿಯೇ ಇವೆ. ಆ ಆದೇಶಕ್ಕೆ ಕಾನೂನಿನ ಬಲವಿರುವುದರಿಂದ ರಾಜ್ಯ ಸರ್ಕಾರದ ಅಧಿಸೂಚನೆ ಅದನ್ನು ತಾನಾಗಿ ಬದಲಿಸದು. ಸಂಕೇತಗಳ ಬಗ್ಗೆ ನನಗೆ ತಕರಾರಿಲ್ಲ: ವಿಮಾನ ನಿಲ್ದಾಣದ BLR ಆಗಲಿ, ಹುಬ್ಬಳ್ಳಿ ರೈಲು ನಿಲ್ದಾಣದ UBL ಆಗಲಿ ಯಂತ್ರಗಳ ಗುರುತುಗಳು, ಅವುಗಳನ್ನು ಬದಲಿಸಲು ಹಣ ಸುರಿಯುವುದು ಬೇಡ. ಮೈಸೂರು ರೇಷ್ಮೆಯಂತೆ ಹಳೆಯ ಇಂಗ್ಲಿಷ್ ಬರಹದಲ್ಲಿ ನೋಂದಣಿಯಾದ ಸರಕಿನ ಹೆಸರುಗಳಿಗೂ ಇದೇ ಮಾತು.

ಈ ಹಿನ್ನೆಲೆಯಲ್ಲಿ ತಮ್ಮಲ್ಲಿ ನಾನು ವಿನಂತಿಸುವುದು ಹೀಗಿದೆ. ರಾಜ್ಯದ ಎಲ್ಲ ಕಂದಾಯ ಗ್ರಾಮ, ಹೋಬಳಿ, ತಾಲ್ಲೂಕು ಮತ್ತು ಪಟ್ಟಣಗಳ ಹೆಸರುಗಳನ್ನು ಒಳಗೊಂಡ ಒಂದು ಅಧಿಕೃತ ಸ್ಥಳನಾಮ ಕೋಶವನ್ನು ಕಂದಾಯ ಇಲಾಖೆ ಸಿದ್ಧಪಡಿಸಿ ಎಲ್ಲರಿಗೂ ತೆರೆದಿಡಬೇಕು. ಅದರಲ್ಲಿ ಕನ್ನಡ ಲಿಪಿಯ ರೂಪವೇ ಮೊದಲು ಬರಬೇಕು ಮತ್ತು ಅದೇ ಮೂಲಪಾಠವೆಂದು ಘೋಷಿತವಾಗಬೇಕು. ಅದರ ಪಕ್ಕದಲ್ಲಿ ದೀರ್ಘ, ಮೂರ್ಧನ್ಯಗಳ ಗುರುತುಗಳಿರುವ ಶಾಸ್ತ್ರೀಯ ಲಿಪ್ಯಂತರ ಇರಲಿ. ಭಾರತೀಯ ಲಿಪಿಗಳಿಗಾಗಿ ಐಎಸ್‌ಒ 15919 ಎಂಬ ಅಂತರರಾಷ್ಟ್ರೀಯ ಮಾನಕ 2001ರಿಂದಲೇ ಇದೆ, ಹೊಸದನ್ನು ಕಂಡುಹಿಡಿಯುವ ಅಗತ್ಯವಿಲ್ಲ. ಆ ಗುರುತುಗಳನ್ನು ತೆಗೆದ ಸರಳ ರೂಪ ಫಲಕ ಮತ್ತು ಅರ್ಜಿಗಳಿಗೆ ಸಾಕು. ಹಿಂದಿ ಮತ್ತು ನೆರೆಭಾಷೆಗಳ ಫಲಕಗಳನ್ನು ಕನ್ನಡದ ಸಾಲಿನಿಂದಲೇ ಬರೆಯಬೇಕೆಂದು ಸಂಬಂಧಪಟ್ಟ ಇಲಾಖೆಗಳಿಗೆ ತಿಳಿಸಬೇಕು.

ಕೋಶದಲ್ಲಿ ಪ್ರತಿ ಊರಿಗೂ ಹಿಂದೆ ಬಳಕೆಯಲ್ಲಿದ್ದ ಎಲ್ಲ ಇಂಗ್ಲಿಷ್ ಬರಹಗಳು ಒಂದೆಡೆ ದಾಖಲಾಗಬೇಕು, ಮತ್ತು ಅವುಗಳಲ್ಲಿ ಯಾವುದಿದ್ದರೂ ಅದೇ ಊರು ಎಂದು ಎಲ್ಲ ಕಚೇರಿಗಳು ಒಪ್ಪಬೇಕೆಂಬ ಸುತ್ತೋಲೆ ಜೊತೆಗೇ ಹೊರಡಬೇಕು. ಇದಕ್ಕೆ ಕೇಂದ್ರದ ಒಪ್ಪಿಗೆ ಬೇಕಿಲ್ಲ, ರಾಜ್ಯದ ಕಚೇರಿಗಳಿಗೆ ನಾಳೆಯೇ ಕಳುಹಿಸಬಹುದು. ಕೋಶ ತಯಾರಾಗಲು ವರ್ಷಗಳು ಹಿಡಿದರೂ ಸರಿ, ಈ ಸುತ್ತೋಲೆ ಅದಕ್ಕಾಗಿ ಕಾಯಬಾರದು.

ಗ್ರಾಮಗಳ ಹೆಸರು ನಿರ್ಧರಿಸುವಾಗ ಪಹಣಿಯಲ್ಲಿರುವುದನ್ನೇ ಕಣ್ಣುಮುಚ್ಚಿ ನಕಲು ಮಾಡಬಾರದು. ಪಹಣಿಯ ಕನ್ನಡ ಹೆಸರಿನಲ್ಲಿಯೂ ಎಷ್ಟೋ ಕಡೆ ಇಂಗ್ಲಿಷಿನಿಂದ ಮರಳಿ ಬರೆದ ತಪ್ಪುಗಳು ನುಸುಳಿವೆ, ‘ಳ’ ಇರಬೇಕಾದಲ್ಲಿ ‘ಲ’, ದೀರ್ಘವಿರಬೇಕಾದಲ್ಲಿ ಹ್ರಸ್ವ. ಇದನ್ನು ಪತ್ತೆಹಚ್ಚುವ ದಾರಿ ಸುಲಭ. ಊರಿನ ಶಾಸನ ಇದ್ದರೆ ಅದನ್ನು, ಹಳೆಯ ಶ್ಯಾನುಭೋಗರ ಕನ್ನಡ ಲೆಕ್ಕಪತ್ರಗಳು ಉಳಿದಿದ್ದರೆ ಅವನ್ನು ನೋಡಬೇಕು, ಎಲ್ಲಕ್ಕಿಂತ ಮಿಗಿಲಾಗಿ ಊರಿನ ಹಿರಿಯರು ಹೇಗೆ ಅನ್ನುತ್ತಾರೆ ಎಂದು ಕೇಳಬೇಕು. ಕರಡನ್ನು ಗ್ರಾಮಸಭೆಯ ಮುಂದಿಟ್ಟು ಆಕ್ಷೇಪಗಳಿಗೆ ಕಾಲಾವಕಾಶ ಕೊಡಬೇಕು. ತುಳು, ಕೊಡವ, ಕೊಂಕಣಿ ಮಾತಾಡುವ ಊರುಗಳಲ್ಲಿ ಕನ್ನಡದ ರೂಪದ ಜೊತೆಗೆ ಊರವರ ರೂಪವೂ ದಾಖಲಾಗಬೇಕು. ಇಂಗ್ಲಿಷರು ನಮಗೆ ಮಾಡಿದ್ದನ್ನು ನಾವು ಆ ಊರವರಿಗೆ ಮಾಡುವುದು ಯೋಗ್ಯವಲ್ಲ.

ಮುಂದಿನ ಕ್ಷೇತ್ರ ಪುನರ್ವಿಂಗಡಣೆಯ ಹೊತ್ತಿಗೆ ಈ ಕೋಶವನ್ನು ಆಯೋಗದ ಮುಂದಿಡಲು ಈಗಿನಿಂದಲೇ ಸಿದ್ಧತೆ ಆಗಬೇಕು. ಆ ಅವಕಾಶ ತಪ್ಪಿದರೆ ಹಳೆಯ ಬರಹ ಇನ್ನೊಂದು ತಲೆಮಾರಿಗೆ ಕಾನೂನಾಗಿ ಉಳಿಯುತ್ತದೆ. 2014ರ ಹನ್ನೆರಡು ಬದಲಾವಣೆಗಳಲ್ಲಿ ಒಂದೊಂದಕ್ಕೂ ಆಧಾರವೇನು, ಯಾವುದು ಬರಹದ ತಿದ್ದುಪಡಿ, ಯಾವುದು ಹೆಸರಿನ ಬದಲಾವಣೆ ಎಂಬ ಟಿಪ್ಪಣಿಯನ್ನೂ ಆ ಕೋಶದಲ್ಲಿಯೇ ಸೇರಿಸಬೇಕೆಂದು ಕೋರುತ್ತೇನೆ.

ಈ ಪತ್ರಕ್ಕೆ ಇಲಾಖೆಯಿಂದ ಲಿಖಿತ ಉತ್ತರವನ್ನು, ಕನಿಷ್ಠ ಪಕ್ಷ ಮೇಲೆ ಹೇಳಿದ ಸುತ್ತೋಲೆಯ ಬಗ್ಗೆ ತಮ್ಮ ನಿಲುವನ್ನು ನಿರೀಕ್ಷಿಸುತ್ತೇನೆ. ತಿಪಟೂರಿನ ಹೆಸರು ಬದಲಾವಣೆಗೆ ಪ್ರಸ್ತಾವನೆ ಸಲ್ಲಿಸಲು ಊರಿನವರು ಯಾವ ನಮೂನೆಯಲ್ಲಿ, ಯಾವ ಅಧಿಕಾರಿಗೆ ಅರ್ಜಿ ಕೊಡಬೇಕು ಎಂಬುದನ್ನೂ ದಯವಿಟ್ಟು ತಿಳಿಸುವುದು.

ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಇತಿಹಾಸ ಶಿಕ್ಷಕ,
ತುಮಕೂರು ಜಿಲ್ಲೆ